ಬೀಗ ಮುಟ್ಟಿ ವಾಪಸ್ ಬನ್ನಿ

ಹಾಸನದ ಹೊರವಲಯದಲ್ಲಿರುವ ನಮ್ಮ ಹಾಸ್ಟೆಲಿನ ಗೇಟಿಗೆ ರಾತ್ರಿ ಎಂಟಕ್ಕೆ ಬೀಗ ಬೀಳುತ್ತದೆ. ಬೀಗ ಹೊರಗಿನಿಂದ. ಬೀಗದ ಕೈ ವಾಚ್‌ಮನ್ ಜೇಬಿನಲ್ಲಿ, ವಾಚ್‌ಮನ್ ಟೀ ಅಂಗಡಿಯಲ್ಲಿ. ಇಂಥ ಕಟ್ಟಡದಲ್ಲಿ ಕೂತು ಹುಡುಗರು ಲ್ಯಾಪ್‌ಟಾಪಿನಲ್ಲಿ ‘ಬೀಗ ಹಾಕಿದ ಕೋಣೆಯಿಂದ ಹೊರಗೆ ಬರುವ’ ಗೇಮ್ ಆಡುತ್ತಿದ್ದಾರೆ, ಇದು ಶಿಸ್ತಿಗೆ ಧಕ್ಕೆ ಎಂದು ಆಡಳಿತಕ್ಕೆ ಅನ್ನಿಸಿದೆ. ತಪ್ಪೇನಿಲ್ಲ ಬಿಡಿ. ಜೈಲಿನಲ್ಲೂ ಸುರಂಗ ತೋಡುವ ಬಗ್ಗೆ ಪಾಠ ಮಾಡಲು ಬಿಡುವುದಿಲ್ಲ.

ಸಮಿತಿ ರಚನೆಯಾಯಿತು. ಸಮಿತಿ ಹೊರಡಿಸಿದ ಮೊದಲ ಆದೇಶ ಹೀಗಿತ್ತು: ‘ಒಂದು ಲ್ಯಾಪ್‌ಟಾಪಿನ ಮುಂದೆ ಒಬ್ಬರಿಗಿಂತ ಹೆಚ್ಚು ವಿದ್ಯಾರ್ಥಿಗಳು ಕೂರತಕ್ಕದ್ದಲ್ಲ.’

ಈ ಆದೇಶ ನಮಗೆ ಎಂಥ ಉಪಕಾರ ಮಾಡಿತು ಎಂದು ಸಮಿತಿಗೆ ಇವತ್ತಿಗೂ ಗೊತ್ತಿಲ್ಲ.

ನಮ್ಮ ರೂಮಿನಲ್ಲಿ ಲ್ಯಾಪ್‌ಟಾಪ್ ಇರುವುದು ಒಂದೇ, ಅದೂ ಆಲೂರಿನವನದ್ದು. ಕೋಣೆಯಿಂದ ಹೊರಬರುವ ಸಾಮಾನ್ಯ ಗೇಮ್‌ಗಳಲ್ಲಿ ಮೌಸ್ ಹಿಡಿದವನೇ ರಾಜ. ಡ್ರಾಯರ್ ತೆಗೆಯುವವನು ಅವನು, ಬೀಗದ ಕೈ ಹುಡುಕುವವನು ಅವನು. ಉಳಿದವರು ಅವನ ಹೆಗಲ ಮೇಲೆ ಬಗ್ಗಿ ‘ಅಲ್ಲಿ ಒತ್ಲಾ, ಕುಂಡದ ಕೆಳಗೆ ನೋಡ್ಲಾ’ ಎಂದು ಕೂಗುತ್ತಿರಬೇಕು. ಕೊನೆಗೆ ಯಾರೋ ಬೇಜಾರಾಗಿ ಮಲಗುತ್ತಾರೆ. ಇಬ್ಬರು ಸೇರಿ ಆಡುವ ಕೆಲವು ಗೇಮ್‌ಗಳಿವೆ. ಆದರೆ ಅವಕ್ಕೆ ಎರಡು ಕಂಪ್ಯೂಟರ್ ಬೇಕು.

ಹಾಗಾಗಿ ನಾವು ಹಿಡಿದದ್ದು ‘ಕೀಪ್ ಟಾಕಿಂಗ್ ಆ್ಯಂಡ್ ನೋಬಡಿ ಎಕ್ಸ್‌ಪ್ಲೋಡ್ಸ್’. ಕೆನಡಾದ ಒಂದು ಪುಟ್ಟ ತಂಡ 2015ರಲ್ಲಿ ತಂದ ಗೇಮ್. ಇಲ್ಲಿ ಒಬ್ಬ ಮಾತ್ರ ಪರದೆ ನೋಡಬೇಕು. ಅವನ ಮುಂದೆ ಒಂದು ಬಾಂಬು ಟಿಕ್ ಟಿಕ್ ಅನ್ನುತ್ತಿರುತ್ತದೆ. ಉಳಿದವರು ಪರದೆ ನೋಡಲೇಬಾರದು. ಅವರ ಕೈಯಲ್ಲಿ ಬಾಂಬ್ ನಿಷ್ಕ್ರಿಯಗೊಳಿಸುವ 23 ಪುಟದ ಕೈಪಿಡಿ. ಅವನು ಕಂಡದ್ದನ್ನು ಬಾಯಲ್ಲಿ ಹೇಳಬೇಕು, ಇವರು ಕೈಪಿಡಿ ತಿರುವಿ ಏನು ಮಾಡಬೇಕೆಂದು ಹೇಳಬೇಕು. ಗೇಮ್ ಒಂದು ಪ್ರತಿ ಸಾಕು. ಕೈಪಿಡಿ ನೆಟ್‌ನಲ್ಲಿ ಉಚಿತ. ಅಂದರೆ ‘ಲ್ಯಾಪ್‌ಟಾಪಿನ ಮುಂದೆ ಒಬ್ಬನೇ’ ಎಂಬುದು ಆಟದ ಮೂಲ ನಿಯಮ! ಆದೇಶದ ಪ್ರತಿಯನ್ನು ನಾವು ಗೋಡೆಗೆ ಅಂಟಿಸಿಕೊಂಡೆವು. ಆಲೂರಿನವನು ಮೂಲೆಗೆ ಹೋದ, ನಾವು ಮಂಚದ ಮೇಲೆ ಕೂತೆವು.

ನೋಡಲು ಸುಲಭ. ಆಡಲು ಕೂತಾಗ ಗೊತ್ತಾಗುತ್ತದೆ. ವೈರ್‌ಗಳ ಭಾಗವನ್ನೇ ತೆಗೆದುಕೊಳ್ಳಿ. ಆಲೂರಿನವನು ಹೇಳಿದ: ‘ನಾಲ್ಕು ವೈರ್. ಮೇಲಿಂದ ಕೆಂಪು, ನೀಲಿ, ಹಳದಿ, ಕೆಂಪು.’ ಕೈಪಿಡಿ ಹಿಡಿದಿದ್ದ ಅರಸೀಕೆರೆಯವನು ನಾಲ್ಕು ವೈರಿನ ಪಟ್ಟಿ ತೆಗೆದು ಮೊದಲ ಸಾಲು ಶುರು ಮಾಡಿದ: ‘ಕೆಂಪು ವೈರ್ ಒಂದಕ್ಕಿಂತ ಜಾಸ್ತಿ ಇದ್ದರೆ...’ ‘ಇವೆ ಕಣ್ಲಾ!’ ‘...ಕೊನೆಯ ಕೆಂಪು ಕತ್ತರಿಸು!’ ಕತ್ತರಿಸಿದ. ಬುರ್ ಎಂದು ಸದ್ದು, ಒಂದು ತಪ್ಪು ದಾಖಲಾಯಿತು. ತಪ್ಪಿನ ನಂತರ ಗಡಿಯಾರ ಮೊದಲಿಗಿಂತ ಜೋರಾಗಿ ಓಡುತ್ತದೆ. ಮೂರನೆಯ ತಪ್ಪಿಗೆ ಎಲ್ಲ ಮುಗಿಯುತ್ತದೆ.

ಆ ಸಾಲಿನ ಮಧ್ಯದಲ್ಲಿ ಇನ್ನೊಂದು ಷರತ್ತಿತ್ತು: ‘ಮತ್ತು ಸೀರಿಯಲ್ ನಂಬರಿನ ಕೊನೆಯ ಅಂಕೆ ಬೆಸವಾಗಿದ್ದರೆ’. ಬಾಂಬನ್ನು ತಿರುಗಿಸಿ ನೋಡಿದರೆ ಕೊನೆಯ ಅಂಕೆ 2. ಬೆಸ ಅಲ್ಲ, ಹಾಗಾಗಿ ಮುಂದಿನ ಸಾಲು. ಕೊನೆಯ ವೈರ್ ಹಳದಿ ಇದ್ದು, ಕೆಂಪು ಒಂದೂ ಇಲ್ಲವೇ? ಅಲ್ಲ. ಅದರ ಮುಂದಿನದು: ನೀಲಿ ಸರಿಯಾಗಿ ಒಂದೇ ಇದೆಯೇ? ಹೌದು. ಹಾಗಾದರೆ ಮೊದಲ ವೈರ್. ಮೇಲಿನಿಂದ ಸಾಲು ಸಾಲಾಗಿ ಬರಬೇಕು, ಯಾವ ಸಾಲು ಮೊದಲು ಹೊಂದುತ್ತದೋ ಅಲ್ಲೇ ನಿಲ್ಲಬೇಕು. ಅರ್ಧ ಸಾಲು ಓದಿ ಕೂಗುವವನ ಕೈಗೆ ಕೈಪಿಡಿ ಕೊಡಲೇಬಾರದು.

ಚಿಹ್ನೆಗಳ ಕೀಲಿಮಣೆ ಇನ್ನೂ ಕಷ್ಟ. ನಾಲ್ಕು ವಿಚಿತ್ರ ಚಿಹ್ನೆಗಳು ಕಾಣುತ್ತವೆ. ನಾಲ್ಕೂ ಇರುವ ಕಂಬಸಾಲನ್ನು ಕೈಪಿಡಿಯಲ್ಲಿ ಹುಡುಕಿ, ಮೇಲಿನಿಂದ ಕೆಳಗೆ ಅದೇ ಕ್ರಮದಲ್ಲಿ ಒತ್ತಬೇಕು. ಆದರೆ ಅವಕ್ಕೆ ಹೆಸರೇನು? ನಾವೇ ಇಟ್ಟೆವು. Ω ಎಂದರೆ ಲಾಳ, Ψ ಎಂದರೆ ತ್ರಿಶೂಲ. ನಕ್ಷತ್ರ ಎರಡಿವೆ, ಒಂದು ತುಂಬಿದ್ದು, ಒಂದು ಟೊಳ್ಳು. ಸುಮ್ನೆ ‘ನಕ್ಷತ್ರ’ ಅಂದರೆ ಬೇರೆ ಕಂಬಸಾಲಿಗೆ ಹೋಗಿ ಬೀಳುತ್ತೀರಿ. ಇನ್ನೊಂದು ಭಾಗದಲ್ಲಿ ಪರದೆ ಮೇಲೆ YOUR, YOU'RE, UR ಎಂಬ ಪದಗಳು ಬರುತ್ತವೆ. ಕನ್ನಡ ಮೀಡಿಯಂನಿಂದ ಬಂದ ನಮ್ಮ ಬಾಯಲ್ಲಿ ಮೂರೂ ಹೆಚ್ಚುಕಡಿಮೆ ಒಂದೇ. ಒಂದೊಂದೇ ಅಕ್ಷರ ಬಿಡಿಸಿ ಹೇಳುವುದು ಬಿಟ್ಟು ದಾರಿ ಇಲ್ಲ.

ಬಾಗಿಲಾಚೆ ರೌಂಡ್ಸಿಗೆ ಬಂದ ವಾರ್ಡನ್ ಸರ್ ಕಿವಿಗೆ ಬಿದ್ದದ್ದು ಇಷ್ಟು: ‘ಕೆಂಪು ವೈರ್ ಕತ್ತರಿಸ್ಲಾ! ತ್ರಿಶೂಲ ಒತ್ತು! ಇನ್ನು ಒಂದೇ ನಿಮಿಷ, ಎಲ್ರೂ ಸಾಯ್ತೀವಿ!’

ಒಳಗೆ ಬಂದರೆ ಮಂಚದ ಮೇಲೆ ಜೆರಾಕ್ಸ್ ಹಾಳೆಗಳು. ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ Bomb Defusal Manual. ಡಿಫ್ಯೂಸಲ್ ಎಂಬ ಪದವನ್ನು ಯಾರು ಓದುತ್ತಾರೆ? ಸರ್ ಮೊದಲ ಪದ ಓದಿ ಕೈಪಿಡಿ ಜಪ್ತಿ ಮಾಡಿದರು. ಅರ್ಧ ಸಾಲು ಓದುವುದು ಅರಸೀಕೆರೆಯವನೊಬ್ಬನ ರೋಗ ಅಲ್ಲ.

ಸಮಿತಿ ಮತ್ತೆ ಸೇರಿತು. ವಿಚಾರಣೆಯಲ್ಲಿ ಬೇಲೂರಿನವನು ಬಾಯಿ ಬಿಟ್ಟ.

‘ಸರ್, ಇದು ಆಪತ್ತಿನಲ್ಲಿ ಗಾಬರಿಯಾಗದೆ ಮಾತಾಡೋದು ಕಲಿಸೋ ಆಟ. ನಾಳೆ ಇಲ್ಲೇ ಬೆಂಕಿ ಬಿದ್ರೆ?’

‘ಅದಕ್ಕೆ ತುರ್ತು ಬಾಗಿಲಿದೆಯಲ್ಲಪ್ಪಾ.’

‘ಅದಕ್ಕೆ ಬೀಗ ಹಾಕಿದೆ ಸರ್.’

‘ಹಾಕದಿದ್ರೆ ಹುಡುಗರು ಆ ಬಾಗಿಲಲ್ಲಿ ಹೊರಗೆ ಹೋಗ್ತಾರೆ.’

ಸಮಿತಿಯವರೆಲ್ಲ ತಲೆಯಾಡಿಸಿದರು. ಬೇಲೂರಿನವನೂ ಆಡಿಸಿದ. ಪಾಪ, ಅವನಿಗೆ ಹಾಜರಾತಿ ಕಡಿಮೆ ಇದೆ.

ಆ ಬಾಗಿಲಿನ ಬಗ್ಗೆ ಒಂದು ಮಾತು. ನಮ್ಮೂರಿನ ಹಾಸನಾಂಬೆಯ ಗುಡಿ ವರ್ಷಕ್ಕೊಮ್ಮೆ, ದೀಪಾವಳಿ ಹೊತ್ತಿಗೆ ಕೆಲವು ದಿನವಾದರೂ ತೆರೆಯುತ್ತದೆ. ಹಿಂದಿನ ವರ್ಷ ಹಚ್ಚಿಟ್ಟ ದೀಪ ಆಗಲೂ ಉರಿಯುತ್ತಿರುತ್ತದೆ ಎಂದು ಜನ ನಂಬುತ್ತಾರೆ. ನಮ್ಮ ತುರ್ತು ಬಾಗಿಲಿಗೆ ಅಂಥ ಜಾತ್ರೆಯೂ ಇಲ್ಲ, ಅದರ ಮೇಲಿನ EXIT ದೀಪ ಉರಿದದ್ದನ್ನು ಸೀನಿಯರ್‌ಗಳೂ ನೋಡಿಲ್ಲ. ಬೀಗ ತೆಗೆಸುವ ಕ್ರಮವನ್ನು ಆಫೀಸಿನ ಗುಮಾಸ್ತರು ನಮಗೆ ವಿವರಿಸಿದರು. ಗೇಮಿನ ಕೈಪಿಡಿಗೆ ಹೊಸ ಪುಟವಾಗಿ ಸೇರಿಸಬಹುದು:

ಬೆಂಕಿ ಬಿದ್ದಿರುವುದು ಆಫೀಸ್ ಸಮಯದಲ್ಲಾದರೆ, ವಾರ್ಡನ್ ಮೂಲಕ ಪ್ರಿನ್ಸಿಪಾಲರಿಗೆ ಅರ್ಜಿ ಕೊಡಿ. ಅಲ್ಲದಿದ್ದರೆ, ಬೀಗದ ಕೈ ಆಫೀಸಿನ ಬೀರುವಿನಲ್ಲಿದ್ದು ಆಫೀಸಿಗೆ ಬೀಗ ಬಿದ್ದಿದ್ದರೆ, ವಾಚ್‌ಮನ್‌ನನ್ನು ಕೇಳಿ. ಅಲ್ಲದಿದ್ದರೆ, ವಾಚ್‌ಮನ್ ಹೊರಗಿದ್ದು ನೀವು ಒಳಗಿದ್ದರೆ, ವಾರ್ಡನ್‌ಗೆ ಫೋನ್ ಮಾಡಿ. ಅಲ್ಲದಿದ್ದರೆ, ಎಂಟರ ನಂತರ ಮೊಬೈಲ್ ಬಳಕೆ ನಿಷೇಧ ಎಂಬುದು ನೆನಪಿರಲಿ.

ಕೊನೆಯ ಸಾಲಿನಲ್ಲಿ ಯಾವ ವೈರ್ ಕತ್ತರಿಸಬೇಕೆಂದು ಹೇಳಿಲ್ಲ. ಗೇಮ್ ಮಾಡಿದವರಿಗೆ ಇಷ್ಟು ಕಲ್ಪನಾಶಕ್ತಿ ಇಲ್ಲ. ಅವರ ಪಟ್ಟಿಗಳ ಕೊನೆಗೆ ಏನಾದರೂ ಒಂದು ಉತ್ತರ ಇದ್ದೇ ಇರುತ್ತದೆ.

ಆದರೂ ಬೇಲೂರಿನವನ ಪ್ರಶ್ನೆ ವ್ಯರ್ಥವಾಗಲಿಲ್ಲ. ಇನ್‌ಸ್ಪೆಕ್ಷನ್ ಬರುವುದಿತ್ತು, ಅಣಕು ಅಗ್ನಿ ಕಾರ್ಯಾಚರಣೆ ನಡೆಸಲು ತೀರ್ಮಾನವಾಯಿತು. ಸೀಟಿ ಊದಿದ ಕೂಡಲೇ ನಾವೆಲ್ಲ ರೂಮ್ ಬಿಟ್ಟು ಸಾಲಾಗಿ ತುರ್ತು ಬಾಗಿಲವರೆಗೆ ಹೋಗಬೇಕು, ಬೀಗ ಮುಟ್ಟಬೇಕು, ವಾಪಸ್ ಬಂದು ಮುಂದಿನ ಗೇಟಿನಲ್ಲಿ ಹೊರಗೆ ಹೋಗಿ ರಿಜಿಸ್ಟರಿನಲ್ಲಿ ಸಹಿ ಹಾಕಬೇಕು. ಕಾರ್ಯಾಚರಣೆ ಯಶಸ್ವಿಯಾಯಿತು ಎಂದು ಫೋಟೋ ಸಮೇತ ವರದಿ ಹೋಗಿದೆ. ಫೋಟೋದಲ್ಲಿ ಆಲೂರಿನವನು ಬೀಗ ಹಿಡಿದು ನಗುತ್ತಿದ್ದಾನೆ.

ಜಪ್ತಿಯಾದ ಕೈಪಿಡಿ ಆಫೀಸಿನ ಬೀರುವಿನಲ್ಲಿ, ತುರ್ತು ಬಾಗಿಲಿನ ಕೀಯ ಪಕ್ಕದಲ್ಲೇ ಇದೆಯಂತೆ. ವಾಪಸ್ ಬೇಕಿದ್ದರೆ ಪೋಷಕರ ಸಹಿ ತರಬೇಕು. ಅರಸೀಕೆರೆಯವನು ಊರಿಗೆ ಫೋನ್ ಮಾಡಿ ಅಪ್ಪನಿಗೆ ಎಲ್ಲ ವಿವರಿಸಿದ. ಅಪ್ಪ ಪೂರ್ತಿ ಕೇಳಿಸಿಕೊಂಡು, ‘ಬಾಂಬ್ ಪುಸ್ತಕಕ್ಕೆ ನಾನ್ಯಾಕ್ಲಾ ಸೈನ್ ಹಾಕ್ಲಿ?’ ಎಂದು ಫೋನ್ ಇಟ್ಟರಂತೆ.