ಗಂಧದ ಗಣಪತಿಯನ್ನು ತಿರುಗಿಸಿ ನೋಡಿ

ಮೈಸೂರಿನ ಅಂಗಡಿಗಳಲ್ಲಿ ಗಣಪತಿಯ ವಿಗ್ರಹ ಕೈಗಿಟ್ಟು "ಮೂಸಿ ನೋಡಿ ಸಾರ್" ಅಂತಾರಲ್ಲ, ಆ ಪರೀಕ್ಷೆಗೆ ಕವಡೆ ಕಿಮ್ಮತ್ತೂ ಕೊಡಬೇಡಿ. ಯಾವುದೋ ಬಿಳಿ ಮರ ಕೆತ್ತಿ, ಬಣ್ಣ ಕೊಟ್ಟು, ಸೆಂಟು ಸವರಿದರೂ ಮೂಗಿಗೆ ಗಂಧವೇ. ಇನ್ನೂ ನಾಜೂಕಿನ ಮೋಸ ಅಂದರೆ ಶ್ರೀಗಂಧದ್ದೇ ಹೊರಮರ. ಎಣ್ಣೆ ಕೂಡುವುದು ಒಳಗಿನ ಚೇಗಿನಲ್ಲಿ. ಸುತ್ತಲಿನ ಬಿಳಿ ಭಾಗಕ್ಕೆ ಪರಿಮಳವೇ ಇಲ್ಲ. ಅದಕ್ಕೆ ಸೆಂಟು ಹಚ್ಚಿ "ಶ್ರೀಗಂಧದ ಮರವೇ" ಎಂದರೆ ಮಾತು ನಿಜ, ವ್ಯಾಪಾರ ಮೋಸ.

ಮನೆಯಲ್ಲಿ ಸಾಣೆಕಲ್ಲು ಇದ್ದರೆ ಪೀಠದ ತಳವನ್ನು ಬ್ಲೇಡಿನಿಂದ ಕೆರೆದು ಪಾಲಿಶ್ ತೆಗೆಯಿರಿ. ನಾಲ್ಕು ಹನಿ ನೀರು ಹಾಕಿ ತೇಯಿರಿ. ಸವರಿದ ಸೆಂಟಾದರೆ ಮೊದಲು ಗಮ್ಮೆಂದು, ತೇಯ್ದಷ್ಟೂ ಇಳಿದು, ಕೊನೆಗೆ ಹಸಿ ಮರದ ವಾಸನೆ ಉಳಿಯುತ್ತದೆ. ಚೇಗಾದರೆ ಒಳಗಿನ ಪದರದಿಂದಲೂ ಅದೇ ಪರಿಮಳ ಬರುತ್ತದೆ. ಆ ಗಂಧವನ್ನು ಮುಂಗೈಗೆ ಹಚ್ಚಿ, ಒಣಗಿ ಗಂಟೆ ಕಳೆದ ಮೇಲೆ ಮೂಸಿ. ತೆಳುವಾಗಿ, ಮೆತ್ತಗೆ ಇನ್ನೂ ಇರಬೇಕು. ಅಜ್ಜಿಯ ಕಾಲದ ವಿಗ್ರಹಕ್ಕೆ ಮೇಲ್ಮೈಯಲ್ಲಿ ವಾಸನೆ ಇಲ್ಲವೆಂದು ನಕಲಿ ಅನ್ನಬೇಡಿ, ಕೆರೆದರೆ ಬರುತ್ತದೆ. ಜಪಮಾಲೆಯ ಸಣ್ಣ ಮಣಿಗಳಲ್ಲಿ ಮಾತ್ರ ಈ ಪರೀಕ್ಷೆ ಸೋಲಬಹುದು. ಸೆಂಟಿನ ಎಣ್ಣೆಯಲ್ಲಿ ನೆನೆಸಿಟ್ಟರೆ ಅದು ಒಳಗಿನವರೆಗೂ ಇಳಿಯುತ್ತದೆ.

ಅಂಗಡಿಯಲ್ಲಿ ತೇಯಲು ಬಿಡುವುದಿಲ್ಲ, ಸರಿ. "ಶ್ರೀಗಂಧದ ಚೇಗು" ಅಂತ ಬಿಲ್ಲಿನಲ್ಲಿ ತೂಕದ ಜೊತೆ ಬರೆದುಕೊಡಿ ಎಂದು ಕೇಳಿ. ಬರೆಯಲು ಹಿಂಜರಿಯುವವರ ಹತ್ತಿರ ನಾನಂತೂ ಕೊಳ್ಳುವುದಿಲ್ಲ.

ಅಗ್ಗದ ಗಂಧದೆಣ್ಣೆಯ ಮೋಸ ಹಿಡಿಯಲು ಲೆಕ್ಕವೇ ಸಾಕು. ಒಳ್ಳೆಯ ಚೇಗಿನಲ್ಲಿ ಸುಮಾರು 5% ಎಣ್ಣೆ, ಅಂದರೆ ಕಿಲೋಗೆ 50 ಗ್ರಾಂ. ಚೇಗಿಗೆ ಕಿಲೋಗೆ 10,000 ರೂಪಾಯಿ ಎಂದಿಟ್ಟುಕೊಂಡರೆ 10 ಗ್ರಾಂ ಎಣ್ಣೆಗೆ ಮರದ ಖರ್ಚೇ 2,000. ಬಟ್ಟಿ ಇಳಿಸುವ ಖರ್ಚು ಬೇರೆ. 10 ಮಿಲಿ ಸೀಸೆ 300ಕ್ಕೆ ಬರುವುದೆಲ್ಲಿಂದ? 70% ಆಲ್ಕೋಹಾಲಿನ ಐದು ಪಾಲಿಗೆ ಒಂದು ಪಾಲು ಎಣ್ಣೆ ಹಾಕಿ ಕಲಕಿದಾಗ ಅಸಲಿ ತಿಳಿಯಾಗಿ ಕರಗುತ್ತದೆ, ಕೊಬ್ಬರಿ ಎಣ್ಣೆ ಬೆರೆತಿದ್ದರೆ ಮಬ್ಬಾಗುತ್ತದೆ. ಆದರೆ ಸ್ಯಾಂಡಲೋರ್‌ನಂಥ ಕೃತಕ ಸುಗಂಧ ದ್ರವ್ಯಗಳು ಇದನ್ನು ಪಾಸು ಮಾಡಿಬಿಡುತ್ತವೆ. ಅವನ್ನು ಹಿಡಿಯಲು ಎಣ್ಣೆಯ ಅಂಶಗಳನ್ನು ಬೇರ್ಪಡಿಸಿ ಅಳೆಯುವ, ಪ್ರಯೋಗಾಲಯದ ಗ್ಯಾಸ್ ಕ್ರೊಮಟೋಗ್ರಫಿಯೇ ಬೇಕು. ಅಸಲಿ ಎಣ್ಣೆಯಲ್ಲಿ ಅದರ ಮುಖ್ಯ ಅಂಶಗಳಾದ ಆಲ್ಫಾ ಸ್ಯಾಂಟಲಾಲ್ 41ರಿಂದ 55%, ಬೀಟಾ ಸ್ಯಾಂಟಲಾಲ್ 16ರಿಂದ 24% ಇರಬೇಕು ಎನ್ನುತ್ತದೆ ಐಎಸ್‌ಒ ಮಾನದಂಡ. ದುಬಾರಿ ಸೀಸೆ ಕೊಳ್ಳುವವರು ಆ ಬ್ಯಾಚಿನ ವರದಿ ಕೇಳಲೇಬೇಕು.

ಸೋಪಿಗೆ ಮನೆಯ ಪರೀಕ್ಷೆ ಯಾವುದೂ ನಡೆಯದು. ಅದರಲ್ಲಿ ಗಂಧದೆಣ್ಣೆ ಇರುವುದೇ ಅತ್ಯಲ್ಪ, ಜೊತೆಗೆ ಬೇರೆ ಪರಿಮಳಗಳೂ ಬೆರೆತಿರುತ್ತವೆ. ಡಬ್ಬಿಯ ಮುಂದಿನ ಗಂಧದ ಕೊರಡಿನ ಚಿತ್ರ ಬಿಟ್ಟು ಹಿಂಬದಿಯ ಸಣ್ಣಕ್ಷರ ಓದಿ. "ಸ್ಯಾಂಡಲ್‌ವುಡ್ ಆಯಿಲ್" ಎಂದು ಬರೆದಿದೆಯೋ, ಬರೀ "ಫ್ರಾಗ್ರೆನ್ಸ್" ಎಂದಿದೆಯೋ? ಎರಡನೆಯದಾದರೆ ಗಂಧದ ಹೆಸರಿಗೆ ಹೆಚ್ಚು ದುಡ್ಡು ಕೊಡಬೇಡಿ.