ಆರೇ ಆರು ಕೆಲಸ, ಮಿಕ್ಕಿದ್ದು ನಾಳೆ ನೋಡ್ಕೊಳ್ಳೋಣ

ಸಂಜೆ ಕೆಲಸ ಮುಗಿಸೋ ಮುಂಚೆ ನಾಳೆಗೆ ಅಂತ ಆರೇ ಆರು ಕೆಲಸ ಬರ್ದಿಟ್ಕೊಳ್ಳಿ ಅಂತ ಎಲ್ರೂ ಹೇಳ್ತಾರೆ, ಆದ್ರೆ ಅದ್ರಲ್ಲಿ ಎರಡು ಮೂರು ಹಾಗೇ ಉಳಿದ್ರೆ ಏನ್ ಮಾಡ್ಬೇಕು ಅನ್ನೋದನ್ನ ಒಂದೇ ಸಾಲಲ್ಲಿ ಮುಗಿಸಿಬಿಡ್ತಾರೆ. ನನ್ ಪ್ರಕಾರ ಈ ಪದ್ಧತಿಯ ಜೀವ ಇರೋದೇ ಆ ಉಳಿದಿದ್ರಲ್ಲಿ.

ಹಳೇ ಕಥೆ ಕೇಳಿರ್ತೀರಿ. 1918ರ ಸುಮಾರಿಗೆ ಐವಿ ಲೀ ಅನ್ನೋ ಪಬ್ಲಿಸಿಟಿ ಸಲಹೆಗಾರ ಅಮೆರಿಕಾದ ಬೆತ್ಲೆಹೆಮ್ ಸ್ಟೀಲ್ ಕಂಪನಿ ಮುಖ್ಯಸ್ಥ ಚಾರ್ಲ್ಸ್ ಶ್ವಾಬ್‌ಗೆ ಇದನ್ನ ಹೇಳ್ಕೊಟ್ಟ, ಉಪಯೋಗ ಆದ್ರೆ ತೋಚಿದಷ್ಟು ಕೊಡಿ ಅಂದ, ಶ್ವಾಬ್ 25,000 ಡಾಲರ್ ಚೆಕ್ ಕಳಿಸಿದ ಅಂತಾರೆ. (ಚೆಕ್ಕಿನ ವಿಷಯ ಬಾಯಿಂದ ಬಾಯಿಗೆ ಬರ್ತಾ ಎಷ್ಟು ಬೆಳೆದಿದ್ಯೋ, ಇರ್ಲಿ.) ಹೇಳಿದ್ದಿಷ್ಟೇ, ಆರನ್ನ ಮುಖ್ಯವಾದದ್ರಿಂದ ಕ್ರಮವಾಗಿ ಬರೀರಿ, ಬೆಳಿಗ್ಗೆ ಮೊದಲನೇದು ಮುಗಿಯೋ ತನಕ ಎರಡನೇದಕ್ಕೆ ಕೈ ಹಾಕ್ಬೇಡಿ, ಉಳಿದಿದ್ದು ನಾಳಿನ ಲಿಸ್ಟಿಗೆ.

ಈ ಕ್ರಮ ಇರೋದ್ರಿಂದಲೇ ಗಿಲ್ಟ್ ಬೇಕಾಗಿಲ್ಲ. ಐದನೇದು, ಆರನೇದು ಉಳಿದಿವೆ ಅಂದ್ರೆ ಆ ಹೊತ್ತಲ್ಲಿ ನೀವು ಅದಕ್ಕಿಂತ ಮುಖ್ಯವಾದದ್ದನ್ನ ಮಾಡ್ತಿದ್ರಿ ಅಂತ ತಾನೇ ಅರ್ಥ? ಆದ್ರೆ ಒಂದನೇದನ್ನ ಬಿಟ್ಟು ಸುಲಭ ಅಂತ ಐದನೇದು ಮುಗಿಸಿದ್ರೆ ಅದು ಬೇರೆ ಕಥೆ, ಅಲ್ಲಿ ಲಿಸ್ಟ್ ಇದ್ದೂ ಇಲ್ಲದ ಹಾಗೆ.

ಇನ್ನೊಂದು, ಮುಂದಕ್ಕೆ ಹಾಕೋದು ಅಂದ್ರೆ ಹಾಗ್ಹಾಗೇ ಕಾಪಿ ಮಾಡೋದಲ್ಲ. ನಾಳೆಗೂ ಜಾಗ ಆರೇ, ಇವತ್ತು ಉಳಿದ ಮೂರಕ್ಕೆ ಸೀಟ್ ರಿಸರ್ವ್ ಆಗಿಲ್ಲ, ಹೊಸದಾಗಿ ಬಂದಿರೋದ್ರ ಜೊತೆ ಮತ್ತೆ ಪೈಪೋಟಿ ಮಾಡಿ ಗೆಲ್ಬೇಕು, ಸೋತ್ರೆ ಬೇರೆ ಹಾಳೆಯಲ್ಲಿ ಕಾಯ್ಲಿ.

ಒಂದು ಉದಾಹರಣೆ ನೋಡಿ. "ರಿಪೋರ್ಟ್ ಮುಗಿಸೋದು" ಅಂತ ಸೋಮವಾರ ಬರ್ದಿದ್ದು ಗುರುವಾರನೂ ಲಿಸ್ಟಲ್ಲೇ ಕೂತಿದೆ ಅಂದ್ಕೊಳ್ಳಿ. ಸೋಮಾರಿತನ ಅಂತ ಬೈಕೊಳ್ಳೋ ಮುಂಚೆ ಆ ಸಾಲನ್ನೇ ನೋಡಿ, ಅದು ಒಂದು ಕೆಲಸನೇ ಅಲ್ಲ. ಅಂಕಿಅಂಶ ಸಹೋದ್ಯೋಗಿ ಹತ್ರ ಇದೆ, ಡ್ರಾಫ್ಟ್ ಆಗಿಲ್ಲ, ಆಮೇಲೆ ಮೇಲಿನವರು ಓದ್ಬೇಕು. ಹಾಗಾಗಿ ಶುಕ್ರವಾರಕ್ಕೆ ಬರೀಬೇಕಾದ್ದು "ಫೋನ್ ಮಾಡಿ ಖರ್ಚಿನ ಲೆಕ್ಕ ಕೇಳೋದು", ಅದು ಬಂದ್ಮೇಲೆ "ಮೊದಲ ಎರಡು ಪುಟ ಬರೆಯೋದು". ಮೂರು ಸಂಜೆ ಮುಂದಕ್ಕೆ ಹೋದ ಯಾವುದೇ ಸಾಲಿಗೂ ನಾನು ಇದನ್ನೇ ಕೇಳ್ತೀನಿ, ದೊಡ್ಡದಾಯ್ತಾ, ಬೇರೆಯವ್ರಿಗೆ ಕಾಯ್ತಿದೀನಾ, ಅಥವಾ ಇದು ನಿಜವಾಗ್ಲೂ ಬೇಕಾ? ಬೇಡ ಅನ್ಸಿದ್ರೆ ಗೀಟು ಹೊಡೆದುಬಿಡೋದು, ಅದೂ ಒಂದು ತೀರ್ಮಾನನೇ.

ಎಲ್ರಿಗೂ ಆರು ಹೊಂದಲ್ಲ ಬಿಡಿ. ದಿನವಿಡೀ ಬರೋ ಕರೆಗಳಿಗೆ ಉತ್ತರ ಕೊಡೋದೇ ಕೆಲಸ ಆಗಿರೋರಿಗೆ, ಚಿಕ್ಕ ಮಕ್ಕಳನ್ನ ನೋಡ್ಕೊಳ್ಳೋರಿಗೆ ಆರು ಬರೆದ್ರೆ ದಿನಾ ಐದು ಉಳಿಯತ್ತೆ. ಅಂಥವ್ರು ಎರಡೇ ಬರೀಲಿ, ಮಿಕ್ಕ ಜಾಗ ಖಾಲಿ ಇರ್ಲಿ, ಹೇಗೂ ಬೆಳಿಗ್ಗೆ ಹನ್ನೊಂದರೊಳಗೆ ಯಾರಾದ್ರೂ ಬಂದು ಅದನ್ನ ತುಂಬಿಸ್ತಾರೆ.