ಕೋಷ್ಟಕದ ಬುಡಕ್ಕ ನಾಕು ಸಾಲು ಟಿಪ್ಪಣಿ ಬರಿಯಾಕ ಏನು ತ್ರಾಸರೀ?

ಹಾವೇರಿ ಜಿಲ್ಲೆಯ ತಾಲ್ಲೂಕುವಾರು ಹತ್ತಿ ಕೋಷ್ಟಕ ಅಂತ ಕಳಿಸ್ತಾರ. ಅಂಕಣದ ತಲೆ ಮ್ಯಾಲೆ ಬರೇ ‘ಉತ್ಪಾದನೆ’. ಬ್ಯಾಡಗಿ ಮುಂದ 1,000 ಅಂತ ಐತಿ ಅನ್ಕೊಳ್ರಿ. ಸಾವಿರ ಏನು? ಬೇಲ್ ಆದ್ರ ಒಂದಕ್ಕ 170 ಕೆಜಿಯಂಗ 170 ಟನ್ ಅರಳೆ. ಕ್ವಿಂಟಲ್ ಆದ್ರ 100 ಟನ್. ಅದೂ ಅರಳೆಯೋ, ಬೀಜ ಸಹಿತ ಹತ್ತಿಯೋ? ಬೀಜ ಬಿಡಿಸಿದ ಮ್ಯಾಲೆ ಉಳಿಯೋದು ಹೆಚ್ಚುಕಡಿಮೆ ಮೂರನೇ ಒಂದು ಪಾಲು. ಒಂದು ಸಾಲು ಬಿಟ್ಟಿದ್ದಕ್ಕ ಲೆಕ್ಕ ಎಲ್ಲಿಂದ ಎಲ್ಲಿಗೋ ಹೋತು.

ಟಿಪ್ಪಣಿ ಹಾಕ್ರಿ ಅಂದ್ರ ವರ್ಡ್‌ನಾಗ Insert Footnote ಒತ್ತಿ ಕೈ ತೊಳ್ಕೊತಾರ. ಅದು ಹೋಗಿ ಕೂಡೋದು ಪುಟದ ತಳಕ್ಕ, ಕೋಷ್ಟಕದ ತಳಕ್ಕಲ್ಲ. ಮ್ಯಾಲೆ 1,000ರ ನೆತ್ತಿಗೆ ಸಣ್ಣ 2 ಏರಿಸಿದ್ರ ಸಾವಿರದ ವರ್ಗ ಅನಿಸ್ತದ. ಬರೇ ಅಕ್ಷರ ನಕಲು ಮಾಡಿ ಅಂಟಿಸಿದ್ರ 1,0002 ಆಗ್ತದ. ಅಂಕಿಗೆ ಅಂಕಿಯ ಗುರುತು ಬ್ಯಾಡ್ರಿ; ‘ಅ’, ‘ಆ’ ಇಡ್ರಿ. ಕೋಷ್ಟಕದ ಕಡೇಕ ಒಂದು ಖಾಲಿ ಸಾಲು ಸೇರಿಸಿ, ಅದರ ಕೋಶ ಎಲ್ಲಾ ಒಂದು ಮಾಡಿ, ಟಿಪ್ಪಣಿ ಅದರೊಳಗ ಬರೀರಿ. ಕೋಷ್ಟಕ ಎಲ್ಲಿಗೆ ಹೋದ್ರೂ ಬೆನ್ನಿಗೇ ಬರ್ತದ:

ಘಟಕ: 170 ಕೆಜಿಯ ಬೇಲ್, ಅರಳೆ.
‘–’: ಮಾಹಿತಿ ಬಂದಿಲ್ಲ, ‘0’: ಬೆಳೆದಿಲ್ಲ.
ಅ: ತಾತ್ಕಾಲಿಕ ಅಂದಾಜು.

ಮೂಲ ಕಟ್ಟಕಡೆಗೆ. ‘ಕೃಷಿ ಇಲಾಖೆ’ ಅಂತಷ್ಟೇ ಬರೆದ್ರ ಹುಡುಕೋರು ಯಾವ ಕಪಾಟು ತೆಗೀಬೇಕು? ವರದಿ ಹೆಸರು, ಕೋಷ್ಟಕ ಸಂಖ್ಯೆ, ವರ್ಷ ಬೇಕು. ಬರೇ ‘2022–23’ ಸಾಲಂಗಿಲ್ಲ: ಕೃಷಿ ವರ್ಷ ಜುಲೈಗೆ ಶುರು, ಹತ್ತಿ ವರ್ಷ ಅಕ್ಟೋಬರಿಗೆ.